ಗೂಡು ಗಟ್ಟಿಯಾಗ್ಲಿ

ಹೋದ ತಿಂಗಳು ಶಿಡ್ಲಘಟ್ಟದಲ್ಲಿ ಬಸ್ಸಿಳಿದು ಊರ ಕಡೆ ಹೋಗೋ ಆಟೋ ಹಿಡಿಯೋಕೆ ನಡೀತಿದ್ದೆ. ನೆಟ್ಟಗೆ ಹೋದ್ರೆ ಐದು ನಿಮಿಷ, ಆದ್ರೆ ನಾನು ಹಿಂದಿನ ಗಲ್ಲಿ ಹಿಡಿದು, ರೇಷ್ಮೆ ನೂಲು ತೆಗೆಯೋ ರೀಲಿಂಗ್ ಮನೆಗಳ ಮೋರಿ ವಾಸನೆ ಕುಡ್ಕೊಂಡು (ಬೆಂದ ಹುಳದ ವಾಸನೆ, ಗೊತ್ತಿರೋರಿಗೆ ಗೊತ್ತು, ಗೊತ್ತಿಲ್ದೋರಿಗೆ ಹೇಳೋಕಾಗಲ್ಲ) ಸುತ್ತಾಕ್ಕೊಂಡು ಹೋದೆ. ಹಂಗ್ ಮಾಡಿದ್ದು ಅದೇ ಮೊದಲಲ್ಲ. ಒಂದೂವರೆ ವರ್ಷದಿಂದ ಹಿಂಗೇ ಮಾಡ್ತಿದೀನಿ. ಕಾರಣ ಏನಂದ್ರೆ ರೇಷ್ಮೆ ಗೂಡಿನ ಮಾರ್ಕೆಟ್ ಹತ್ರ ಒಂದು ಟೀ ಅಂಗಡಿ ಇದೆ, ಅದರ ಮುಂದೆ ಹೋದ್ರೆ ಅಂಗಡಿ ನಡೆಸೋ ಚಾಚಾ ನನ್ನ ನೋಡ್ತಾರೆ, ನೋಡಿದ್ರೆ ಆಶೀರ್ವಾದ ಮಾಡ್ತಾರೆ, ಆಶೀರ್ವಾದ ಮಾಡಿದ್ಮೇಲೆ ಹಿಂದಿನ ಸಲ ನಾನು ಯಾವ ಚಿಂತೇಲಿದ್ದೆ ಅಂತ ನೆನಪಿಟ್ಕೊಂಡು ಅದರ ಕಥೆ ಏನಾಯ್ತು ಅಂತ ಕೇಳ್ತಾರೆ.

ಸಾಲ ಇಟ್ಟು ತಪ್ಪಿಸ್ಕೊಂಡು ಓಡಾಡೋರನ್ನ ನೋಡಿದೀನಿ. ಚೆನ್ನಾಗಿದ್ಯೇನಪ್ಪಾ ಅಂತ ಕೇಳ್ತಾರಲ್ಲ ಅಂತ ತಪ್ಪಿಸ್ಕೊಂಡು ಓಡಾಡೋನು ನಾನೊಬ್ನೇ ಇರಬೇಕು ಅಂದ್ಕೊಂಡಿದ್ದೆ. ಆಮೇಲೆ ನೆನಪಾಯ್ತು, ನಮ್ಮಪ್ಪನೂ ಒಂದು ಕಾಲದಲ್ಲಿ ಇದೇ ಗಲ್ಲೀಲಿ ಸುತ್ತಾಕ್ಕೊಂಡು ಹೋಗ್ತಿದ್ರು.

ಒಬ್ಬೊಬ್ರಿಗೆ ಒಂದೊಂದು

ಅಂಗಡಿ ಅಂದ್ರೆ ದೊಡ್ಡದೇನಲ್ಲ. ತಗಡಿನ ಶೀಟು, ಎರಡು ಬೆಂಚು, ಒಂದು ಕಡೆ ಹಾಲಿನ ಪಾತ್ರೆ ಸಣ್ಣ ಉರೀಲಿ ಕುದೀತಾನೇ ಇರುತ್ತೆ, ಇನ್ನೊಂದು ಕಡೆ ಡಿಕಾಕ್ಷನ್ನು, ಕಪ್ಪಗಾಗಿರೋ ಸೋಸೋ ಬಟ್ಟೆ. ಬನ್ನು, ಬಿಸ್ಕೆಟ್ಟು, ಸಿಗರೇಟು. ಮಾರ್ಕೆಟ್ ದಿನಾ ನಡೆಯೋದ್ರಿಂದ ಅಂಗಡೀನೂ ದಿನಾ ಬೆಳಕು ಹರಿಯೋಕೆ ಮುಂಚೆ ತೆಗೀತಾರೆ, ಯಾಕಂದ್ರೆ ದೂರದೂರಿಂದ ಗೂಡು ತರೋರು ರಾತ್ರಿಯೆಲ್ಲಾ ಟೆಂಪೋದಲ್ಲಿ ಮೂಟೆ ಮೇಲೆ ಕೂತು ಬಂದಿರ್ತಾರೆ, ಅವ್ರಿಗೆ ಮೊದಲು ಬೇಕಾಗೋದು ಟೀ.

ಚಾಚಾ ಮನೇಲಿ ಉರ್ದು, ನಮ್ಮ ಹತ್ರ ಕನ್ನಡ, ಚಿಂತಾಮಣಿ ಆ ಕಡೆಯೋರು ಬಂದ್ರೆ ತೆಲುಗು. ಮೂರೂ ಒಂದೇ ವಾಕ್ಯದಲ್ಲಿ ಬೇಕಾದ್ರೂ ಬರುತ್ತೆ, ನಮ್ಮ ಕಡೆ ಅದೇನ್ ವಿಶೇಷ ಅಲ್ಲ. ವಿಶೇಷ ಅಂದ್ರೆ ಬಂದೋರನ್ನ ಅವ್ರು ಬರಮಾಡ್ಕೊಳ್ಳೋ ರೀತಿ. ರೈತ ಬಂದ್ರೆ "ಬಾ ನಾಯ್ನಾ, ಗೂಡು ಗಟ್ಟಿಯಾಗ್ಲಿ." ಗೂಡು ಕೊಂಡು ನೂಲು ತೆಗೆಸೋ ರೀಲರ್ ಬಂದ್ರೆ "ಆವೋ ಭಾಯ್, ಬರ್ಕತ್ ಆಗ್ಲಿ." ಫಿಲೇಚರಲ್ಲಿ ನೂಲು ತೆಗೆಯೋ ಹೆಂಗಸರು ಮಧ್ಯ ಒಂದು ಹತ್ತು ನಿಮಿಷ ಬರ್ತಾರೆ, ದಿನವೆಲ್ಲ ಬಿಸಿನೀರಲ್ಲಿ ಕೈ ಅದ್ದಿ ಅದ್ದಿ ಬೆರಳು ಬೆಳ್ಳಗೆ ಸುಕ್ಕಾಗಿರ್ತವೆ. ಅವ್ರಿಗೆ "ಕೈ ತಣ್ಣಗಿರ್ಲಿ ತಾಯಿ." ಹೊಟ್ಟೆ ತಣ್ಣಗಿರ್ಲಿ ಅಂತ ನಮ್ಮಜ್ಜಿ ಊಟ ಹಾಕಿದೋರಿಗೆ ಹೇಳೋಳು. ಕೈ ತಣ್ಣಗಿರ್ಲಿ ಅಂತ ಹೇಳೋದು ನಾನು ಕೇಳಿರೋದು ಈ ಒಂದು ಕಡೆ ಮಾತ್ರ.

ಚಿಕ್ಕೋನಾಗಿದ್ದಾಗ ಇದು ನಂಗೆ ಬರೀ ಬಾಯಿಪಾಠ ಅನ್ನಿಸ್ತಿತ್ತು, ಬಸ್ ಕಂಡಕ್ಟರ್ ಊರ ಹೆಸರು ಕೂಗ್ದಂಗೆ. ಸ್ವಲ್ಪ ಬುದ್ಧಿ ಬಂದ್ಮೇಲೆ ಒಂದು ವಿಷ್ಯ ಹೊಳೀತು. ಆ ಬೆಂಚಿನ ಮೇಲೆ ರೈತ ಮತ್ತೆ ರೀಲರ್ ಪಕ್ಕಪಕ್ಕದಲ್ಲಿ ಕೂತಿರ್ತಾರೆ. ಒಬ್ಬನಿಗೆ ಇವತ್ತು ಕೆಜಿಗೆ ಮೂವತ್ತು ರೂಪಾಯಿ ಏರಬೇಕು, ಇನ್ನೊಬ್ಬನಿಗೆ ಅದೇ ಮೂವತ್ತು ಇಳಿಬೇಕು. ಇಬ್ರಿಗೂ ಒಳ್ಳೇದಾಗ್ಲಿ ಅಂತ ದೇವರ ಹತ್ರ ಕೇಳಿದ್ರೆ ದೇವರು ತಾನೇ ಏನ್ ಮಾಡ್ಯಾನು? ಚಾಚಾ ಯಾವತ್ತೂ "ಒಳ್ಳೆ ರೇಟ್ ಸಿಗ್ಲಿ" ಅಂದಿದ್ದು ನಾನು ಕೇಳಿಲ್ಲ. ಗೂಡು ಗಟ್ಟಿಯಾಗ್ಲಿ ಅಂತಾರೆ, ಅಷ್ಟೇ. ಗೂಡು ಗಟ್ಟಿ ಇದ್ರೆ ರೈತನಿಗೆ ತೂಕ ಬರುತ್ತೆ, ರೇಟೂ ಬರುತ್ತೆ. ರೀಲರಿಗೆ ಅದೇ ಗೂಡು ಎಳೆ ಹರೀದೆ ಬಿಚ್ಕೊಳ್ಳುತ್ತೆ, ಒಂದು ಕೆಜಿ ನೂಲು ತೆಗೆಯೋಕೆ ಎಂಟು ಕೆಜಿ ಗೂಡು ಬೇಕಾಗ್ತಿದ್ದ ಕಡೆ ಏಳರಲ್ಲೇ ಮುಗಿಯುತ್ತೆ. ಆ ಬೀದೀಲಿ ಎರಡು ಕಡೆಯೋರೂ ಆಮೇನ್ ಅನ್ನಬಹುದಾದ ಆಶೀರ್ವಾದ ಅದೊಂದೇ. ಅವ್ರು ಯೋಚನೆ ಮಾಡಿ ಆರಿಸ್ಕೊಂಡಿದ್ದೋ, ವರ್ಷಗಟ್ಟಲೆ ಟೀ ಹಾಕ್ತಾ ಹಾಕ್ತಾ ನಾಲಿಗೆ ಮೇಲೆ ಉಳ್ಕೊಂಡಿದ್ದೋ ಗೊತ್ತಿಲ್ಲ, ನಾನು ಕೇಳೋಕೂ ಹೋಗಿಲ್ಲ.

ನೆನಪಿನ ಲೆಕ್ಕ

ರೈತ ದಿನಾ ಬರೋ ಗಿರಾಕಿ ಅಲ್ಲ. ಬೆಳೆಯಿಂದ ಬೆಳೆಗೆ ಹೆಚ್ಚುಕಮ್ಮಿ ಒಂದೂವರೆ ಎರಡು ತಿಂಗಳು, ವರ್ಷಕ್ಕೆ ಆರೋ ಏಳೋ ಸಲ ಮಾರ್ಕೆಟ್ಟಿಗೆ ಬರ್ತಾನೆ. ಅಷ್ಟು ದಿನ ಬಿಟ್ಟು ಬಂದವನಿಗೆ "ಹಿಂದಿನ ಸಲ ಬೋರು ಗಾಳಿ ಕುಡೀತೈತೆ ಅಂದಿದ್ರಿ, ಏನಾಯ್ತು?" ಅಂತ ಕೇಳ್ಬೇಕಂದ್ರೆ ಎಂಥ ತಲೆ ಬೇಕು. ನಮ್ಮಪ್ಪ ಇದನ್ನ ದೇವರು ಕೊಟ್ಟ ವರ ಅಂತಿದ್ರು. ನಾನು ಒಂದ್ಸಲ ಕಾಲೇಜ್ ರಜೇಲಿ ಚಾಚಾನೇ ಕೇಳಿದೆ. ಅವ್ರು ನಕ್ಕು "ವರ ಅಲ್ಲ ನಾಯ್ನಾ, ಲೆಕ್ಕ" ಅಂದ್ರು.

ಲೆಕ್ಕ ಹಿಂಗೆ. ಈಗ ಮೊಟ್ಟೆ ತಂದು ಮನೇಲಿ ಮರಿ ಮಾಡೋರು ಕಮ್ಮಿ, ಮರಿಹುಳ ಸಾಕಿ ಕೊಡೋ ಚಾಕಿ ಸೆಂಟರಿಂದ ಎರಡನೇ ಜ್ವರ ಎದ್ದ ಹುಳ ತರ್ತಾರೆ. (ಜ್ವರ ಅಂದ್ರೆ ನಿಮ್ಮ ನಮ್ಮ ಜ್ವರ ಅಲ್ಲ, ಹುಳ ಮೇವು ಬಿಟ್ಟು ತಲೆಯೆತ್ತಿ ಸುಮ್ನೆ ಕೂತು ಪೊರೆ ಬಿಡೋದು, ಒಟ್ಟು ನಾಲ್ಕು ಸಲ.) ಚಾಕಿ ತಂದ ದಿನ ಗೊತ್ತಾದ್ರೆ ಉಳಿದಿದ್ದೆಲ್ಲಾ ಕೂಡೋದು ಕಳೆಯೋದು. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ತಿನ್ನೋಕೆ ಶುರು ಮಾಡಿದ್ರೆ, ಒಟ್ಟು ಬೆಳೆಗೆ ಬೇಕಾದ ಸೊಪ್ಪಲ್ಲಿ ಹತ್ತರಲ್ಲಿ ಎಂಟು ಪಾಲು ಆ ಒಂದು ವಾರದಲ್ಲೇ ಹೋಗುತ್ತೆ. ಹುಳದ ಮನೇಲಿ ಮಳೆ ಹುಯ್ದಂಗೆ ಸದ್ದು. ಆಮೇಲೆ ಹಣ್ಣಾಗಿ, ಗೂಡು ಕಟ್ಟೋಕೆ ಇಟ್ಟಿರೋ ಬಿದಿರಿನ ಚಂದ್ರಂಕಿ ಹತ್ತುತ್ವೆ, ಗೂಡು ಕಟ್ಟಿ ಐದನೇ ದಿನಕ್ಕೆ ಬಿಡಿಸಿದ್ರೆ ಮಾರ್ಕೆಟ್ಟು. ಚಾಕಿ ತಂದ ದಿನಕ್ಕೆ ಸುಮಾರು ಇಪ್ಪತ್ತೈದು ದಿನ ಸೇರಿಸಿದ್ರೆ ರೈತ ಅಂಗಡಿ ಮುಂದೆ ನಿಂತಿರ್ಬೇಕು. ನಿಂತಿಲ್ಲ ಅಂದ್ರೆ ಏನೋ ಆಗೈತೆ. ಚಾಚಾ ಅದನ್ನೇ ನೋಡ್ತಿದ್ದಿದ್ದು. ಟೀ ಕುಡೀತಾ ಯಾರಾದ್ರೂ "ನಾಳಿದ್ದು ಚಾಕಿ ತರ್ಬೇಕು" ಅಂದಿದ್ರೆ ಸಾಕು, ಅವ್ರ ತಲೇಲಿ ಒಂದು ದಿನ ಗುರುತಾಗಿಬಿಡ್ತಿತ್ತು.

ಹುಳದ್ದಲ್ಲದ ಚಿಂತೆಗೆ? ಮಗಳ ಮದುವೆ, ಆಸ್ಪತ್ರೆ, ತಮ್ಮಂದಿರ ಭಾಗದ ಜಗಳ? ಅದಕ್ಕೆ ಅವ್ರು ಗ್ಲಾಸ್ ತೋರಿಸಿದ್ರು. "ಖಾಲಿ ಗ್ಲಾಸ್ ಎತ್ತಾಗ ತಳ ನೋಡ್ತೀನಿ. ದಿನಾ ತಳ ಕಾಣೋ ಹಂಗೆ ಕುಡಿಯೋನು ಅರ್ಧ ಬಿಟ್ಟಿದ್ರೆ ಅವನ ತಲೆ ಇಲ್ಲಿಲ್ಲ. ಬಿಸಿಬಿಸಿ ಗಟಗಟ ಕುಡಿದ್ರೆ ಯಾರಿಗೋ ದುಡ್ಡು ಕೊಡ್ಬೇಕು, ಹೋಗ್ಬೇಕು. ಆರಿಸಿ ಆರಿಸಿ ಕುಡಿದ್ರೆ ಮನೆಗೆ ಹೋಗೋಕೆ ಇಷ್ಟ ಇಲ್ಲ." ಇದು ಎಷ್ಟು ನಿಜಾನೋ ಗೊತ್ತಿಲ್ಲ. ನಾನು ಯಾವಾಗ್ಲೂ ಆರಿಸಿ ಕುಡಿಯೋದು, ನಾಲಿಗೆ ಸುಡುತ್ತೆ ಅಂತ. ಅದನ್ನ ಹೇಳಿದ್ದಕ್ಕೆ "ನೋಡನ" ಅಂದು ಸುಮ್ನಾದ್ರು.

ಆ ಬೆಳಗ್ಗೆ

ಈಗ ನಮ್ಮಪ್ಪ ಗಲ್ಲಿ ಸುತ್ತಿದ ಕಥೆ. ನಾನಾಗ ಪಿಯುಸಿ. ಇನ್ನೂ ಕೂಗಿ ಹರಾಜು ಮಾಡ್ತಿದ್ದ ಕಾಲ, ಈಗಿನ ಥರ ರೀಲರ್ ಮೊಬೈಲಲ್ಲಿ ಬಿಡ್ ಒತ್ತೋದಲ್ಲ. ನಮ್ದು 200 ಮೊಟ್ಟೆ ಹುಳ, ಒಂದು ಮೊಟ್ಟೆ ಅಂದ್ರೆ ನಮ್ಮ ಲೆಕ್ಕದಲ್ಲಿ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ. ನಾಲ್ಕನೇ ಜ್ವರ ಎದ್ದು ಮೂರನೇ ದಿನ ಅಮ್ಮ ಸೊಪ್ಪು ಹಾಕೋಕೆ ಹೋದೋಳು ಅಲ್ಲೇ ನಿಂತುಬಿಟ್ಳು. ತಟ್ಟೆ ಅಂಚಲ್ಲಿ ಕೆಲವು ಹುಳ ಸುಮ್ನೆ ಹರಿದಾಡ್ತಿದ್ವು, ಮೇವಿಗೆ ಬಾಯಿ ಹಾಕ್ತಿಲ್ಲ, ಮೈ ಹಳದಿ ತಿರುಗಿ ಮಿಂಚ್ತಾ ಐತೆ, ಗಣ್ಣು ಗಣ್ಣು ಊದ್ಕೊಂಡೈತೆ. ಒಂದನ್ನ ಎತ್ತಿದ ಕೂಡ್ಲೆ ಚರ್ಮ ಒಡೆದು ಹಾಲಿನಂಥ ನೀರು ಬೆರಳಿಗೆ ಬಂತು. ಹಾಲುತೊಂಡೆ. ಇದಕ್ಕೆ ಔಷಧಿ ಇಲ್ಲ, ಬಂದ ಹುಳ ಉಳಿಯಲ್ಲ. ಮಾಡೋದೇನಿದ್ರೂ ಉಳಿದವಕ್ಕೆ ಹರಡದಂಗೆ ನೋಡ್ಕೊಳ್ಳೋದು, ರೋಗದ ಹುಳ ಒಂದೊಂದಾಗಿ ಆರಿಸಿ ಬ್ಲೀಚಿಂಗ್ ನೀರಿಗೆ ಹಾಕೋದು, ಸುಣ್ಣ ಉದುರಿಸೋದು, ಎಳೇ ಸೊಪ್ಪು ನಿಲ್ಸೋದು. ಆ ಹಾಲಲ್ಲೇ ರೋಗ ಇರೋದು, ಅದು ಬಿದ್ದ ಎಲೆ ತಿಂದ ಹುಳಕ್ಕೂ ಬರುತ್ತೆ.

ಆ ಮಧ್ಯ ಅಪ್ಪ ಸುಣ್ಣ ತರೋಕೆ ಪೇಟೆಗೆ ಬಂದೋರು ಚಾಚಾ ಅಂಗಡೀಲಿ ಟೀ ಕುಡಿದು ಎಲ್ಲಾ ಹೇಳ್ಕೊಂಡಿದ್ರು. ಹೇಳ್ಕೊಳ್ಳೋಕೆ ಇನ್ಯಾರಿದ್ರು? ಊರಲ್ಲಿ ಹೇಳಿದ್ರೆ ನಮ್ಮ ಹುಳದ ಮನೆ ಕಡೆ ಯಾರೂ ಬರಲ್ಲ, ನಮ್ಮನ್ನೂ ಅವರ ಮನೆಗೆ ಬಿಟ್ಕೊಳ್ಳಲ್ಲ, ಅದು ಸರೀನೇ ಕೂಡ.

130 ಕೆಜಿ ಆಗ್ಬೇಕಿದ್ದ ಬೆಳೆ 82 ಕೆಜಿಗೆ ನಿಂತ್ತು. ಉಳಿದ ಗೂಡು ಆರಿಸಿ, ಕರೆ ಆಗಿದ್ದನ್ನೆಲ್ಲ ತೆಗೆದು, ಅಪ್ಪ ನಾನು ಮಾರ್ಕೆಟ್ಟಿಗೆ ತಂದ್ವಿ. ಜಾಲರೀಲಿ ಸುರಿದು, ಹರಾಜು ಶುರುವಾಗೋಕೆ ಇನ್ನೂ ಟೈಮಿದೆ ಅಂತ ಟೀಗೆ ಹೋದ್ವಿ. ಬೆಂಚಲ್ಲಿ ಮೂರು ಜನ ರೀಲರ್‌ಗಳು. ಚಾಚಾ ಅಪ್ಪನ ಮುಖ ನೋಡಿ ಗ್ಲಾಸ್ ಕೆಳಗಿಟ್ಟು, ಎರಡೂ ಕೈ ಎತ್ತಿ, "ಬನ್ನಿ ಯಜಮಾನ್ರೆ, ಗೂಡು ಗಟ್ಟಿಯಾಗ್ಲಿ! ಹಾಲುತೊಂಡೆ ನಿಂತ್ತಾ? ಎಷ್ಟು ಉಳೀತು? ಅವತ್ತಿಂದ ನಿಮ್ದೇ ಯೋಚನೆ ನಂಗೆ" ಅಂದ್ರು.

ಆ ಮಾತಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರ್ಲಿಲ್ಲ, ಇವತ್ತಿಗೂ ಹೇಳ್ತೀನಿ. ಅಪ್ಪ ಉತ್ತರ ಕೊಡ್ಲಿಲ್ಲ. ಬೆಂಚಲ್ಲಿದ್ದ ಒಬ್ಬರು ಟೀ ಮುಗಿಸದೇ ಎದ್ದು ಮಾರ್ಕೆಟ್ ಒಳಗೆ ಹೋದ್ರು.

ಹಾಲುತೊಂಡೆ ಬಂದ ಮನೆಯ ಗೂಡಂದ್ರೆ ರೀಲರ್ ಯಾಕೆ ಹಿಂದೇಟು ಹಾಕ್ತಾರೆ ಅಂದ್ರೆ, ರೋಗ ಹತ್ತಿದ ಎಷ್ಟೋ ಹುಳ ಹೆಂಗೋ ಗೂಡು ಕಟ್ಟಿ ಒಳಗೇ ಸತ್ತಿರ್ತವೆ. ಹೊರಗಿಂದ ನೋಡೋಕೆ ಗೂಡು ಗೂಡೇ. ಅಲ್ಲಾಡ್ಸಿದ್ರೆ ಚೆನ್ನಾಗಿರೋ ಗೂಡು ಒಳಗೆ ಟಕಟಕ ಅನ್ನುತ್ತೆ, ಸತ್ತಿದ್ದು ಅಂಟ್ಕೊಂಡು ಸದ್ದೇ ಮಾಡಲ್ಲ. ಅದನ್ನ ಬೇಯಿಸಿದ್ರೆ ಕರೆ ನೀರಿಗೆ ಬಿಟ್ಟು ಜೊತೇಲಿರೋ ನೂಲೂ ಬಣ್ಣ ಕೆಡುತ್ತೆ, ಎಳೆ ಪಟಪಟ ಹರಿಯುತ್ತೆ. ನಮ್ಮ ಲಾಟ್ ಹತ್ರ ಬಂದೋರು ಒಬ್ಬೊಬ್ರೂ ಹಿಡಿಹಿಡಿ ಎತ್ತಿ ಕಿವಿ ಹತ್ರ ಅಲ್ಲಾಡ್ಸಿದ್ರು, ಬ್ಲೇಡಲ್ಲಿ ಮಾಮೂಲಿಗಿಂತ ಜಾಸ್ತಿ ಗೂಡು ಕುಯ್ದು ನೋಡಿದ್ರು. ಅಕ್ಕಪಕ್ಕದ ಲಾಟು 310ಕ್ಕೆ ಹೋಯ್ತು. ನಮ್ದು 262. ಒಪ್ಪಲ್ಲ ಅಂತ ಹೇಳ್ಬಹುದಿತ್ತು, ಆದ್ರೆ ಗೂಡು ಮನೆಗೆ ವಾಪಸ್ ತಗೊಂಡೋಗಿ ಏನ್ ಮಾಡೋದು? ಇನ್ನೊಂದು ವಾರ ಬಿಟ್ರೆ ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬರುತ್ತೆ, ತೂತು ಬಿದ್ದ ಗೂಡಲ್ಲಿ ಎಳೆ ಬಿಚ್ಚೋಕಾಗಲ್ಲ.

ಕೆಜಿಗೆ 48 ರೂಪಾಯಿ, 82 ಕೆಜಿ, 3,936 ರೂಪಾಯಿ. ಅಪ್ಪ ಈ ಲೆಕ್ಕ ಎಷ್ಟು ಸಲ ಹೇಳಿದಾರಂದ್ರೆ ನಂಗೆ ಮಗ್ಗಿ ಥರ ಬಾಯಿಗೆ ಬಂದಿದೆ. ಚಾಚಾ ಬಾಯಿಬಿಡದೇ ಇದ್ದಿದ್ರೆ ಅಷ್ಟೂ ಸಿಗ್ತಿತ್ತು ಅಂತ ಅಪ್ಪನ ವಾದ. ನಂಗೆ ಹಂಗನ್ನಿಸಲ್ಲ. ಅಲ್ಲಾಡ್ಸಿ ನೋಡೋದು ಎಲ್ರೂ ಮಾಡೋದೇ, ಗೂಡು ಸಪ್ಪೆ ಇದ್ದಿದ್ದೂ ನಿಜ. ಅರ್ಧ ಅವ್ರ ಮಾತಿಂದ, ಅರ್ಧ ನಮ್ಮ ಗೂಡಿಂದ ಅಂತ ನಾನು ಹಂಚಿಟ್ಟಿದೀನಿ. ಅಪ್ಪನಿಗೆ ನೋವಾಗಿದ್ದು ದುಡ್ಡಿಗಿಂತ ಇನ್ನೊಂದಕ್ಕೆ ಅಂತ ಅನ್ಸುತ್ತೆ. ಊರಲ್ಲಿ ಯಾರಿಗೂ ಹೇಳದೇ ಇದ್ದಿದ್ದನ್ನ ಒಬ್ಬರ ಹತ್ರ ಇಟ್ಟಿದ್ರು, ಅವ್ರು ಅದನ್ನ ಬೆಂಚಿನ ಮೇಲೆ ಸುರಿದುಬಿಟ್ರು.

ಎರಡು ಬೆಳೆ ಅಪ್ಪ ಹಿಂದಿನ ಗಲ್ಲೀಲಿ ಹೋದ್ರು. ಬೇರೆ ಕಡೆ ಟೀ ಕುಡಿದು "ಥೂ, ನೀರು" ಅಂತ ಬೈಕೊಂಡು ಬರೋರು.

ಎಲ್ರೂ ಊಟ ಮಾಡ್ತಿದಾರಾ

ಮೂರನೇ ಬೆಳೆಗೆ ಮೂಟೆ ಇಳಿಸೋವಾಗ ಚಾಚಾನೇ ಟೀ ಹಿಡ್ಕೊಂಡು ಟೆಂಪೋ ಹತ್ರ ಬಂದ್ರು. ಅಂಗಡಿ ಬಿಟ್ಟು ಅವ್ರು ಹಂಗೆ ಬಂದಿದ್ದು ನಾನು ನೋಡಿದ್ದು ಅದೊಂದೇ ಸಲ. ತಪ್ಪಾಯ್ತು ಅಂತೇನೂ ಹೇಳ್ಲಿಲ್ಲ. "ಗೂಡು ಗಟ್ಟಿಯಾಗ್ಲಿ ಯಜಮಾನ್ರೆ" ಅಂದ್ರು, ಸ್ವಲ್ಪ ಹೊತ್ತು ನಿಂತು, "ಮನೇಲಿ ಎಲ್ರೂ ಊಟ ಮಾಡ್ತಿದಾರಾ?" ಅಂದ್ರು.

ಅಪ್ಪ ಮೊದಲು ಅಮ್ಮನ್ನ, ನಮ್ಮನ್ನ ಕೇಳ್ತಿದಾರೆ ಅಂದ್ಕೊಂಡ್ರಂತೆ. ಆಮೇಲೆ ಅರ್ಥ ಆಯ್ತು, ಹುಳ ಮೇವು ತಿಂದ್ವಾ ಅಂತ. ರೋಗದ ಮೊದಲನೇ ಗುರುತೇ ಮೇವು ಬಿಡೋದಲ್ವಾ. "ಊಟ ಮಾಡ್ತಾವ್ರೆ ಸಾಬ್ರೆ, ಚೆನ್ನಾಗಿ" ಅಂತ ಹೇಳಿ ಅಪ್ಪ ಟೀ ಇಸ್ಕೊಂಡ್ರು.

ಅಲ್ಲಿಂದ ಅದೇ ಅವ್ರ ಪದ್ಧತಿ ಆಯ್ತು. ಆಶೀರ್ವಾದ ಜೋರಾಗಿ, ಎಲ್ರಿಗೂ ಕೇಳೋ ಹಂಗೆ. ಪ್ರಶ್ನೆ ಮೆಲ್ಲಗೆ, ಕೇಳಿಸ್ಕೊಂಡ ಬೇರೆಯೋರಿಗೆ ಉಭಯ ಕುಶಲೋಪರಿ ಅನ್ನಿಸೋ ಹಂಗೆ. ಒಂದೇ ಸಲ ಕೇಳ್ತಾರೆ. ಉತ್ತರ ಬರ್ಲಿಲ್ಲ ಅಂದ್ರೆ ಇನ್ನೊಂದು ಸಲ ಕೇಳಲ್ಲ, ಬಿಸ್ಕೆಟ್ ಡಬ್ಬಿ ಮುಂದೆ ತಳ್ತಾರೆ. ಸಾಲಗಾರನಿಗೆ "ದಾರಿ ದೂರಾನಾ ಇನ್ನೂ?" ಬೋರ್ ಕೊರೆಸ್ತಾ ಇರೋನಿಗೆ "ಬಾಯಾರ್ಕೆ ಹೋಯ್ತಾ?" ಸಾವಿರದ ಮುನ್ನೂರು ಅಡಿ ಹೋಗಿ ಬರೀ ಧೂಳು ಬಂದೋನು ತಲೆ ಅಲ್ಲಾಡ್ಸಿದ್ರೆ ಸಾಕು, ಚಾಚಾಗೆ ಗೊತ್ತಾಗುತ್ತೆ, ಪಕ್ಕದಲ್ಲಿ ಕೂತಿರೋ ಬಡ್ಡಿಯವನಿಗೆ ಗೊತ್ತಾಗಲ್ಲ.

ಎಡವಟ್ಟು ಆಗಲ್ಲ ಅಂತಲ್ಲ. ಲೆಕ್ಕದ ಮೇಲೆ ನಿಂತಿರೋ ನೆನಪಿಗೆ ಲೆಕ್ಕದಾಚೆ ನಡೆದಿದ್ದು ಗೊತ್ತಾಗಲ್ಲ. ನೂಲು ತೆಗೆಯೋ ಒಬ್ಬಾಕೆ ಗಂಡನ ಕೆಮ್ಮಿನ ಬಗ್ಗೆ ಹೇಳ್ಕೊಂಡಿದ್ಲಂತೆ. ಒಂದು ತಿಂಗಳು ಕಾಣ್ಲಿಲ್ಲ, ಬಂದ ದಿನ ಚಾಚಾ "ಕೈ ತಣ್ಣಗಿರ್ಲಿ ತಾಯಿ, ರಾತ್ರಿ ನಿದ್ದೆ ಬರ್ತಾ ಐತಾ?" ಅಂದಿದ್ದಾರೆ. "ಬರ್ತಾ ಐತೆ ಚಾಚಾ, ಈಗ ಮನೇಲಿ ಸದ್ದೇ ಇಲ್ಲ" ಅಂದ್ಲಂತೆ ಆಕೆ. ಇದನ್ನ ನಂಗೆ ಹೇಳಿದ್ದೂ ಚಾಚಾನೇ, ಗ್ಲಾಸ್ ತೊಳೀತಾ, ನನ್ನ ಮುಖ ನೋಡದೇ.

ನನ್ನ ಗಲ್ಲಿ

ಒಂದೂವರೆ ವರ್ಷದ ಹಿಂದೆ ನಮ್ಮ ತೋಟ ತೆಗೆಸಿದ್ವಿ. ಅಪ್ಪನಿಗೆ ಮಂಡಿ ಆಗ್ತಿರ್ಲಿಲ್ಲ, ಅಮ್ಮ ಹೋದ್ಮೇಲೆ ಹುಳದ ಮನೆ ನೋಡೋರಿಲ್ಲ, ನಾನು ಬೆಂಗಳೂರು. ಹಿಪ್ಪುನೇರಳೆ ಬುಡ ಜೆಸಿಬೀಲಿ ಕೀಳಿಸಿ ಜಮೀನು ಗುತ್ತಿಗೆಗೆ ಕೊಟ್ವಿ, ಈಗ ಅಲ್ಲಿ ಬೇರೆಯೋರ ಟೊಮೇಟೊ ಇದೆ. ಅದಕ್ಕೆ ಮುಂಚಿನ ಸಲ ಚಾಚಾ "ತೋಟ ಬಿಡ್ಬೇಡ ನಾಯ್ನಾ, ಯಜಮಾನ್ರು ಎಲೆ ನೋಡ್ಕೊಂಡೇ ಓಡಾಡ್ತಾವ್ರೆ" ಅಂದಿದ್ರು, ನಾನು ಇಲ್ಲ ಚಾಚಾ, ಬಿಡಲ್ಲ ಅಂದಿದ್ದೆ. ಟೀ ಅಂಗಡೀಲಿ ಕೊಟ್ಟ ಮಾತು, ಯಾರ್ ಲೆಕ್ಕ ಇಡ್ತಾರೆ ಅನ್ನೋ ಹಂಗೂ ಇಲ್ಲ, ಅವ್ರು ಇಡ್ತಾರೆ.

ಮೊನ್ನೆ ಭಾನುವಾರ ಊರಿಂದ ವಾಪಸ್ ಬರ್ತಾ ಗಲ್ಲೀಲಿ ಮೋರಿ ಒಡೆದು ರೋಡ್ ತುಂಬಾ ನೀರು. ಬೇರೆ ದಾರಿ ಇಲ್ದೇ ಮುಂದಿನ ರಸ್ತೆಗೆ ಬಂದೆ. ಧೈರ್ಯ ಗೀರ್ಯ ಏನೂ ಅಲ್ಲ, ಶೂ ಹೊಸದು.

ಚಾಚಾ ದೂರದಿಂದ್ಲೇ ನೋಡಿದ್ರು. ವಯಸ್ಸಾಗಿದೆ, ಸೋಸೋವಾಗ ಕೈ ನಡುಗುತ್ತೆ, ಮೊಮ್ಮಗ ಪಾತ್ರೆ ಹಿಡ್ಕೊಂಡಿದ್ದ. ಕೈ ಎತ್ತಿ "ಬಾ ನಾಯ್ನಾ" ಅಂದ್ರು. ಅಲ್ಲಿಗೆ ನಿಲ್ಲಿಸಿದ್ರು. ಗೂಡು ಗಟ್ಟಿಯಾಗ್ಲಿ ಅಂತ ಬರ್ಲಿಲ್ಲ. ಅಂದ್ರೆ ಗೊತ್ತು. ಇಪ್ಪತ್ತೈದು ದಿನದ ಲೆಕ್ಕ ಎಷ್ಟು ಸಲ ದಾಟಿ ಹೋಗಿರಬೇಕು ಅವ್ರ ತಲೇಲಿ. ನಾನು ಬೆಂಚಲ್ಲಿ ಕೂತೆ, ಟೀ ಕೊಟ್ರು, ಅದನ್ನ ಆರಿಸ್ತಾ ಕೂತೆ. ಇಬ್ಬರು ರೀಲರ್‌ಗಳು ಮೊಬೈಲ್ ನೋಡ್ಕೊಂಡು ರೇಟ್ ಮಾತಾಡ್ತಿದ್ರು. ಚಾಚಾ ಮೇಜು ಒರೆಸೋ ನೆಪದಲ್ಲಿ ಹತ್ರ ಬಗ್ಗಿ ಕೇಳಿದ್ರು.

"ಮನೇಲಿ ಎಲ್ರೂ ಊಟ ಮಾಡ್ತಿದಾರಾ?"

ಹುಳ ಇಲ್ಲ ಅಂತ ಗೊತ್ತಿದ್ದೂ ಕೇಳಿದ್ರು. ಬಾಯಿಗೆ ಬಂದಿದ್ದು ಹೂಂ ಅನ್ನೋದು, ಆದ್ರೆ ಬೆಳಗ್ಗೆ ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ್ದು ಕಣ್ಮುಂದೆ ಬಂತು.

"ಅಪ್ಪ ಒಬ್ರೇ ಚಾಚಾ ಈಗ. ಅವ್ರು ಅಷ್ಟಾಗಿ ತಿಂತಿಲ್ಲ."

ಅವ್ರು ಒರೆಸೋ ಬಟ್ಟೆ ಮಡಿಚಿ ಭುಜದ ಮೇಲೆ ಹಾಕ್ಕೊಂಡ್ರು. "ಎಷ್ಟು ದಿನದಿಂದ?"

ನಾನು ಬೆರಳು ಮಡಿಚಿ ಎಣಿಸೋಕೆ ಶುರು ಮಾಡಿದೆ.